ಮಾಮಾನ ರೊಕ್ಕಕ್ಕ ಬಡ್ಡಿ ಇಲ್ಲ ಅಂತೀರಿ, ಒಮ್ಮೆ ಲೆಕ್ಕ ಹಾಕಿ ನೋಡ್ರಿ

ಪ್ರಶ್ನೆ: ಸರ್, ಹುಬ್ಬಳ್ಳಿ ಗೋಕುಲ ರೋಡಿನ ಒಂದು ಕಂಪನಿಯಾಗ ಕೆಲಸ ಮಾಡ್ತೀನಿ, ಕೈಗೆ 58,000 ಬರತೈತಿ, ಮನಿ ಖರ್ಚು 34,000. ಆನ್‌ರೋಡ್ 9 ಲಕ್ಷದ ಕಾರ್ ನೋಡೀವಿ. ಎಫ್‌ಡಿ 3 ಲಕ್ಷದ್ದೊಂದು 2 ಲಕ್ಷದ್ದೊಂದು ಐತಿ, ಖಾತೆದಾಗ 50 ಸಾವಿರ. ಬ್ಯಾಡಗಿ ಕಡೆ ಇರೋ ನಮ್ಮ ಸೋದರಮಾವ ಮೆಣಸಿನಕಾಯಿ ಮಾರಿದ ರೊಕ್ಕ 4 ಲಕ್ಷ ಕೊಡ್ತೀನಿ, ಬಡ್ಡಿ ಬ್ಯಾಡ, ಆದಾಗ ಕೊಡು ಅಂತಾರ. ನಮ್ಮ ಅವ್ವಗ ಅದ ಬೇಕು, ಹೆಂಡತಿ ಬ್ಯಾಂಕ್ ಲೋನ್ ತಗೊಳ್ರಿ ಅಂತಾಳ. ಏನ್ ಮಾಡ್ಲಿ?

ಉತ್ತರ:

ನಿಮ್ಮ ಹೆಂಡತಿ ಹೇಳೂದು ಸರಿ ಐತ್ರಿ. 3 ಲಕ್ಷದ ಎಫ್‌ಡಿ ಮತ್ತ ಖಾತೆದಾಗಿನ 50 ಸಾವಿರ ಸೇರಿಸಿ ಮೂರೂವರಿ ಲಕ್ಷ ಕೈಯಿಂದ ಹಾಕ್ರಿ, ಉಳಿದ ಐದೂವರಿ ಲಕ್ಷ ಬ್ಯಾಂಕಿನ್ಯಾಗ 5 ವರ್ಷಕ್ಕ ತಗೊಳ್ರಿ, 2 ಲಕ್ಷದ ಎಫ್‌ಡಿ ಮುಟ್ಟಬ್ಯಾಡ್ರಿ, ಮಾಮಾನ ರೊಕ್ಕ ಮಾಮಾನ ಹತ್ರನ ಇರಲಿ. ಬ್ಯಾಂಕಿನ್ಯಾಗ ಕೆಲಸ ಮಾಡ್ದಾಂವ ಬ್ಯಾಂಕಿನ ಪರವಾಗಿನ ಮಾತಾಡ್ತಾನ ಅಂತ ನಿಮ್ಮ ಅವ್ವ ಅನ್ನಬಹುದು, ಅದಕ್ಕ ಲೆಕ್ಕ ಬಿಡಿಸಿ ಹೇಳ್ತೀನಿ, ಇದನ್ನ ಅವರಿಗೂ ಓದಿ ಹೇಳ್ರಿ.

ಬ್ಯಾಂಕಿನಿಂದ 4 ಲಕ್ಷ ತಗೊಂಡ್ರ, ಬಡ್ಡಿ 9 ಪರ್ಸೆಂಟ್ ಅಂತ ಹಿಡಿರಿ, 5 ವರ್ಷಕ್ಕ ತಿಂಗಳಾ ಕಂತು 8,303 ರೂಪಾಯಿ ಬರತೈತಿ, ಒಟ್ಟು ಬಡ್ಡಿ ಸುಮಾರು 98,200. ಎಲ್ಲಾರೂ ಇಲ್ಲಿಗೆ ನಿಂತುಬಿಡ್ತಾರ, ಮಾಮಾನ ಹತ್ರ ತಗೊಂಡ್ರ 98 ಸಾವಿರ ಉಳೀತು ಅಂತಾರ. ಆದ್ರ ಮಾಮಾನ 4 ಲಕ್ಷ ಸುಮ್ಮನ ಟ್ರಂಕಿನ್ಯಾಗ ಕೂಡೂದಲ್ಲ, ನಿಮಗ ಕೊಡದಿದ್ರ ಅವರು ಅದನ್ನ ಬ್ಯಾಂಕಿನ್ಯಾಗ ಇಡ್ತಿದ್ರು. ಆರೂವರಿ ಪರ್ಸೆಂಟ್ ಅಂತ ಹಿಡಿದ್ರೂ, ನೀವು ತಿಂಗಳಾ ತಪ್ಪದ 6,667ರಂಗ 5 ವರ್ಷದಾಗ ತೀರಿಸಿದ್ರ ಅವರಿಗೆ ತಪ್ಪೋ ಬಡ್ಡಿ ಸುಮಾರು 66,000. ಹಂಗಂದ್ರ ಎರಡೂ ಮನಿ ಕೂಡಿಸಿ ನೋಡಿದ್ರ ಉಳಿಯೂದು 32,000, ತಿಂಗಳಿಗೆ 535 ರೂಪಾಯಿ. ಉಳಿದದ್ದು ಉಳಿತಾಯ ಅಲ್ರಿ, ಅದು ಮಾಮಾನ ಕಿಸೆದಿಂದ ನಿಮ್ಮ ಕಿಸೆಗೆ ಬಂದ ರೊಕ್ಕ, ಅವರು ಬಾಯಿಬಿಟ್ಟು ಹೇಳೂದಿಲ್ಲ ಅಷ್ಟ.

ಇದು ನೀವು ತಿಂಗಳಾ ಕೊಟ್ರ. ಅವರು ಹೇಳಿದ್ದು "ಆದಾಗ ಕೊಡು" ಅಂತ. ಐದು ವರ್ಷ ಬಿಟ್ಟು ಒಮ್ಮೆಲೆ 4 ಲಕ್ಷ ಕೊಟ್ರಿ ಅಂತ ಇಟ್ಕೊಳ್ರಿ, ಅದ ರೊಕ್ಕ ಅವರು ಎಫ್‌ಡಿ ಇಟ್ಟಿದ್ರ ಅಷ್ಟೊತ್ತಿಗೆ 5 ಲಕ್ಷ 52 ಸಾವಿರ ಆಗಿರತಿತ್ತು. ಒಂದೂವರಿ ಲಕ್ಷ ಹೋತು. ನೀವು ಬ್ಯಾಂಕಿಗೆ ಕೊಡಬೇಕಾಗಿದ್ದ ಬಡ್ಡಿಗಿಂತ ಜಾಸ್ತಿ ಹೋತು, ಅದೂ ಹೊಲದಾಗ ಬಿಸಿಲಿಗೆ ನಿಂತು ದುಡಿದವರದ್ದು.

ಇನ್ನ ಒಂದು ಮಾತು, ಒಕ್ಕಲುತನದ ಮನಿ ರೊಕ್ಕ ಅಂದ್ರ ಪಗಾರದ ರೊಕ್ಕದಂಗ ಅಲ್ರಿ. ಈಗ ಮೆಣಸಿನಕಾಯಿ ಮಾರಿ ಕೈಯಾಗ 4 ಲಕ್ಷ ಐತಿ, ಖರೆ, ಆದ್ರ ಮುಂಗಾರು ಬರೂದ್ರಾಗ ಬೀಜ ಗೊಬ್ಬರ ಬೇಕು, ಮುಂದ ಔಷಧ ಹೊಡಿಬೇಕು, ಕಾಯಿ ಬಿಡಿಸೋ ಹೊತ್ತಿಗೆ ಆಳಿನ ಪಗಾರ ದಿನಾ ಸಂಜಿಕ ಕೈಗೆ ಕೊಡಬೇಕು, ಅದನ್ನ ಯಾರೂ ಉದ್ರಿ ಬಿಡೂದಿಲ್ಲ. ಒಂದು ವರ್ಷ ಮಳಿ ಕೈಕೊಡ್ತು, ಇಲ್ಲಾ ರೇಟ್ ಬಿತ್ತು ಅಂದ್ರ ಅವರಿಗೆ ಆ ರೊಕ್ಕ ಅವತ್ತ ಬೇಕಾಗತೈತಿ. ನಿಮ್ಮನ್ನ ಕೇಳಾಕ ನಾಚಿಕಿ, ಅಳಿಯ ಏನು ಅನ್ಕೊಂಡಾನು ಅಂತ. ಆಗ ಊರಾಗ ನೂರಕ್ಕ ತಿಂಗಳಾ 2 ರೂಪಾಯಿ ಬಡ್ಡಿಗೆ ತರ್ತಾರ, ಅಂದ್ರ ವರ್ಷಕ್ಕ 24 ಪರ್ಸೆಂಟ್ ಆತು. ನಿಮಗ ಬಡ್ಡಿ ಇಲ್ಲದ ಕೊಟ್ಟು ತಾವು 24ರಂಗ ಬಡ್ಡಿ ಕಟ್ಟಿದವರನ್ನ ಸಾಲದ ಟೇಬಲ್ ಮುಂದ ಕುಂಡ್ರಿಸಿಕೊಂಡು ಮಾತಾಡೀನಿ, ಅವರು ಅಳಿಯಗ ಕೊಟ್ಟದ್ದು ಹೇಳೂದ ಕಡೀಕ, ಎಷ್ಟೋ ಹೊತ್ತು ಬ್ಯಾರೆ ಮಾತಾಡಿದ ಮ್ಯಾಲೆ.

ಈಗ ಸಂಬಂಧದ ಮಾತಿಗೆ ಬರೂಣು, ನಿಮ್ಮ ಪ್ರಶ್ನೆದಾಗ ಅದ ಮುಖ್ಯ ಅನಸ್ತೈತಿ ನನಗ.

ಮುಂಡರಗಿ ಕಡೆಯ ಒಂದು ಮನಿದು ಹೇಳ್ತೀನಿ. ಅಲ್ಲೂ ಮಾಮಾ ಅಳಿಯಾನ. ಅಳಿಯ ಗಾಡಿ ತಗೊಳ್ಳಾಕ ಮಾಮಾನ ಹತ್ರ 3 ಲಕ್ಷ ನಗದು ತಗೊಂಡ, ಚೀಟಿ ಇಲ್ಲ ಚಪಾಟಿ ಇಲ್ಲ. ಮುಂದ ಒಂದು ಮದುವಿದಾಗ 50 ಸಾವಿರ ಕೈಗೆ ಕೊಟ್ಟ. ಒಂದು ವರ್ಷ ಗೊಬ್ಬರದ ಅಂಗಡಿಗೆ ಮಾಮಾನ ಬಾಕಿ 40 ಸಾವಿರ ತಾನ ಕಟ್ಟಿದ. ಮಾಮಾಗ ಆರಾಮ ಇಲ್ಲಂತ ಹುಬ್ಬಳ್ಳಿಗೆ ಕರ್ಕೊಂಡ ಬಂದಾಗ ದವಾಖಾನಿ ಬಿಲ್ 60 ಸಾವಿರ ಕೊಟ್ಟ. ಅಳಿಯನ ಲೆಕ್ಕದಾಗ ಒಂದೂವರಿ ಲಕ್ಷ ತೀರಿತು. ಮಾಮಾನ ಹತ್ರ ಒಂದು ಹಳೇ ಡೈರಿ ಇತ್ತು, ಅದರಾಗ "ಅಳಿಯಾಗ 3,00,000" ಅಂತ ಒಂದು ಸಾಲು, ಕೆಳಗ "ಬಂತು 50,000" ಅಂತ ಇನ್ನೊಂದು ಸಾಲು, ಅಷ್ಟ. ದವಾಖಾನಿದು ಅವರು ಸಾಲದಾಗ ಹಿಡೀಲೇ ಇಲ್ಲ, ಅಳಿಯ ಪ್ರೀತಿಲೆ ಮಾಡ್ಯಾನ ಅನ್ಕೊಂಡಿದ್ರು. ಗೊಬ್ಬರದ್ದು ಮರತಿದ್ರೋ ಏನೋ. ಅವರು ತೀರಿಕೊಂಡ ಮ್ಯಾಲೆ ಮಕ್ಕಳು ಆ ಡೈರಿ ಹಿಡ್ಕೊಂಡು ಬಂದ್ರು, ಎರಡೂವರಿ ಲಕ್ಷ ಬಾಕಿ ಐತಿ ಅಂದ್ರು, ಅಳಿಯ ಒಂದೂವರಿ ಅಂದ. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಆದ್ರ ಅವತ್ತಿನಿಂದ ಎರಡೂ ಮನಿ ಹೋಗಿಬರೂದು ನಿಂತುಹೋತು, ಪಂಚಮಿಗೆ ಅಳಿಯನ ತಾಯಿನ್ನ ಕರೆಯಾಕ ಯಾರೂ ಬರಲಿಲ್ಲ. ರೊಕ್ಕದ ಜಗಳ ಗಂಡಸರದ್ದು, ತವರುಮನಿ ಕಳಕೊಂಡಾಕಿ ಆ ಹೆಣ್ಮಗಳು.

ನಿಮ್ಮ ಅವ್ವ ತನ್ನ ಅಣ್ಣತಮ್ಮನ ಮ್ಯಾಲಿನ ಭರವಸಿದಿಂದ ಹೇಳಾಕತ್ತಾರ, ಅದು ಸಹಜ. ಆದ್ರ ಈ ವ್ಯವಹಾರ ಹದಗೆಟ್ರ ಎಲ್ಲಾರಿಗಿಂತ ಮೊದಲ ಪೆಟ್ಟು ಬೀಳೂದು ಅವರಿಗೇ.

ಹದಗೆಡೂದು ಒಮ್ಮೆಲೆ ಜಗಳದಿಂದ ಅಲ್ರಿ, ಸಣ್ಣ ಸಣ್ಣದರಿಂದ. ಸಾಲ ಕೊಟ್ಟವರ ಕಣ್ಣಿಗೆ ನಿಮ್ಮ ಪ್ರತಿ ಖರ್ಚೂ ಕಾಣಸ್ತೈತಿ. ನೀವು ಮಕ್ಕಳನ್ನ ಕರ್ಕೊಂಡು ಗೋವಾಕ್ಕ ಹೋಗಿ ವಾಟ್ಸಾಪ್ ಸ್ಟೇಟಸ್ ಹಾಕಿದ್ರ ಅತ್ತಿ ನೋಡ್ತಾರ, ಏನೂ ಅನ್ನೂದಿಲ್ಲ, ಆದ್ರ ನೋಡ್ತಾರ. ಕಾರಿನ ಮ್ಯಾಲೂ ಒಂದು ಹಕ್ಕು ಹುಟ್ಟತೈತಿ, ಮೈಲಾರ ಜಾತ್ರಿಗೆ ಹೋಗಬೇಕು ಗಾಡಿ ಕಳಸು, ಮಗಳನ್ನ ನೋಡಾಕ ಬರ್ತಾರ ಗಾಡಿ ತಗೊಂಡು ಬಾ ಅಂತ. ಸಾಲ ಇಲ್ಲದಿದ್ರ ನೀವು ಖುಷಿಲೆ ಹೋಗ್ತೀರಿ, ಸಾಲ ಇದ್ದಾಗ ಅದ ಕೆಲಸ ಕಂತು ಕಟ್ಟಿದಂಗ ಅನಸ್ತೈತಿ, ಮತ್ತ ಒಂದು ಸಲ ಆಗೂದಿಲ್ಲ ಅಂದ್ರಿ ಅಂದ್ರ ಅವರಿಗೆ "ನನ್ನ ರೊಕ್ಕದಾಗ ತಗೊಂಡು ನನಗ ಇಲ್ಲ ಅಂತಾನ" ಅನಸ್ತೈತಿ. ಇದಕ್ಕಿಂತ ದೊಡ್ಡದು ಜಾಮೀನು. ನಾಳೆ ಮಾಮಾನ ಮಗ ಟ್ರ್ಯಾಕ್ಟರ್ ಲೋನಿಗೆ ನೀವು ಜಾಮೀನು ನಿಲ್ರಿ ಅಂದ್ರ, ಅವರ 4 ಲಕ್ಷ ನಿಮ್ಮ ಹತ್ರ ಇದ್ದಾಗ ಹೆಂಗ ಒಲ್ಲೆ ಅಂತೀರಿ? ಜಾಮೀನುದಾರನ ಹೊಣಿ ಸಾಲಗಾರನಷ್ಟ ಇರತೈತಿ, ಅಂವ ಕಟ್ಟಲಿಲ್ಲ ಅಂದ್ರ ಬ್ಯಾಂಕ್ ನಿಮಗೂ ನೋಟಿಸ್ ಕಳಸ್ತೈತಿ, ನಿಮ್ಮ ಸಿಬಿಲ್‌ನ್ಯಾಗೂ ಅದು ಕಾಣಸ್ತೈತಿ.

ನಗದಿನ ವಿಷಯ ಬಿಟ್ಟು ಮುಂದ ಹೋಗಬ್ಯಾಡ್ರಿ, ಇದು ಭಾಳ ಮಂದಿಗೆ ಗೊತ್ತಿಲ್ಲ. ಮೆಣಸಿನಕಾಯಿ ಮಾರಿದ ರೊಕ್ಕ ಮನಿಯಾಗ ನಗದು ಇರತೈತಿ, ಚೀಲದಾಗ ಹಾಕಿ ಕೊಟ್ಟು ಕಳಸ್ತಾರ. ಇನ್‌ಕಮ್ ಟ್ಯಾಕ್ಸ್ ಕಾಯ್ದೆ ಪ್ರಕಾರ ಸಾಲ ಅಂತ 20,000 ಮತ್ತ ಅದಕ್ಕಿಂತ ಜಾಸ್ತಿ ನಗದು ತಗೊಳ್ಳಾಂಗಿಲ್ಲ, ಸಂಬಂಧಿಕರಿಂದ ಆದ್ರೂ ಅಷ್ಟ, 1961ರ ಕಾಯ್ದೆದಾಗ ಇದು 269ಎಸ್‌ಎಸ್ ಕಲಂ. ಮುರಿದ್ರ ದಂಡ ಎಷ್ಟಂದ್ರ ತಗೊಂಡ ಮೊತ್ತದಷ್ಟ, 4 ಲಕ್ಷಕ್ಕ 4 ಲಕ್ಷ, ದಂಡ ಬೀಳೂದು ತಗೊಂಡ ನಿಮಗ. 19 ಸಾವಿರದಂಗ ತುಂಡು ತುಂಡು ತಗೊಂಡ್ರ ಆತು ಅಂತ ಕೆಲವರು ಹೇಳ್ತಾರ, ಅದು ನಡಿಯೂದಿಲ್ಲ, ಮೊದಲಿನ ಬಾಕಿ ಕೂಡಿಸಿನ ಲೆಕ್ಕ ಹಿಡೀತಾರ. ಒಕ್ಕಲುತನದ ಆದಾಯಕ್ಕ ವಿನಾಯಿತಿ ಐತಿ ಅಲ್ಲ ಅಂತ ಮಾಮಾ ಅಂದ್ರ, ಆ ವಿನಾಯಿತಿ ಕೊಡೋವ್ರು ತಗೊಳ್ಳೋವ್ರು ಇಬ್ಬರದ್ದೂ ಒಕ್ಕಲುತನದ ಆದಾಯ ಇದ್ದು, ಇಬ್ಬರಿಗೂ ಟ್ಯಾಕ್ಸ್ ಬರೋವಂಥ ಆದಾಯ ಇಲ್ಲದಾಗ ಅಷ್ಟ. ನಿಮಗ ಪಗಾರ ಐತಿ, ನಿಮಗ ಹತ್ತೂದಿಲ್ಲ. ವಾಪಸ್ ಕೊಡುವಾಗೂ ಹಂಗ, ಖಾತೆದಿಂದ ಖಾತೆಗೆ ಹೋಗಬೇಕು.

ಈಗ ಬ್ಯಾಂಕ್ ಕಡೆ. ಐದೂವರಿ ಲಕ್ಷ, 9 ಪರ್ಸೆಂಟ್, 5 ವರ್ಷ ಅಂದ್ರ ಕಂತು 11,417 ಆಗತೈತಿ, ಒಟ್ಟು ಬಡ್ಡಿ ಸುಮಾರು 1 ಲಕ್ಷ 35 ಸಾವಿರ. ನಿಮಗ ಖರ್ಚು ಹೋಗಿ ಉಳಿಯೂದು 24,000, ಅದರಾಗ ಕಂತು ಕಳದ್ರ 12,500 ಹತ್ತಿರ ಉಳೀತು, ಪೆಟ್ರೋಲ್‌ಗೆ ತಿಂಗಳಾ ಐದಾರು ಸಾವಿರ ತಗದಿಡ್ರಿ, ಇನ್ಶೂರೆನ್ಸ್ ಮತ್ತ ಸರ್ವಿಸ್‌ಗೆ ಅಂತ ಎರಡು ಸಾವಿರ. ಕೈಯಾಗ ನಾಲ್ಕೈದು ಸಾವಿರ ಉಳೀತೈತಿ. ನಡೀತೈತಿ, ಆದ್ರ ಬಿಗಿ ಐತಿ. ಮನಿ ಬಾಡಗಿ ಏರಿದ್ರ, ಮಗು ಸಾಲಿಗೆ ಹೊಂಟ್ರ ಇನ್ನೂ ಬಿಗಿ ಆಗತೈತಿ, ಹಂಗಾಗಿ ನನ್ನ ಕೇಳಿದ್ರ ಒಂದು ವೇರಿಯಂಟ್ ಕೆಳಗ ಇಳೀರಿ. ಕರ್ನಾಟಕದಾಗ ಕಾರಿನ ಲೈಫ್ ಟ್ಯಾಕ್ಸ್ ದೊಡ್ಡದು, 5ರಿಂದ 10 ಲಕ್ಷದ ಕಾರಿಗೆ 14 ಪರ್ಸೆಂಟ್, ಅದರ ಮ್ಯಾಲೆ ಸೆಸ್, ಹಂಗಾಗಿ ಶೋರೂಮ್ ರೇಟಿನ್ಯಾಗ 80 ಸಾವಿರ ಕಮ್ಮಿ ಆದ್ರ ಆನ್‌ರೋಡ್‌ದಾಗ 90 ಸಾವಿರದ ಮ್ಯಾಲ ಇಳೀತೈತಿ. ಕಂತು ಸಣ್ಣದು ಕಾಣಲಿ ಅಂತ 7 ವರ್ಷಕ್ಕ ಮಾತ್ರ ಹೋಗಬ್ಯಾಡ್ರಿ, ಬಡ್ಡಿ ಭಾಳ ಆಗತೈತಿ, ಗಾಡಿ ಹಳೇದಾದ್ರೂ ಸಾಲ ಮುಗಿಯೂದಿಲ್ಲ.

ಶೋರೂಮಿನ್ಯಾಗ ಒಬ್ಬರು ಬಂದು ನಿಮಗ 7 ಪರ್ಸೆಂಟ್‌ಗೆ ಮಾಡಿಸಿಕೊಡ್ತೀವಿ ಅಂತಾರ. ಆಗ ಒಂದ ಪ್ರಶ್ನೆ ಕೇಳ್ರಿ, ಫ್ಲಾಟೋ ರಿಡ್ಯೂಸಿಂಗೋ ಅಂತ. ಫ್ಲಾಟ್ ಅಂದ್ರ ನೀವು ಅಸಲು ತೀರಿಸ್ತಾ ಹೋದ್ರೂ ಮೊದಲಿನ ಪೂರ್ತಿ ಐದೂವರಿ ಲಕ್ಷಕ್ಕ ಐದೂ ವರ್ಷ ಬಡ್ಡಿ ಹಿಡೀತಾರ, 1 ಲಕ್ಷ 92 ಸಾವಿರದ ಮ್ಯಾಲ ಆಗತೈತಿ, ಕಂತು 12,375. ರಿಡ್ಯೂಸಿಂಗ್ ಅಂದ್ರ ಉಳಿದ ಬಾಕಿಗಷ್ಟ ಬಡ್ಡಿ, ಬ್ಯಾಂಕಿನ ಲೆಕ್ಕ ಅದ, ಆ ಲೆಕ್ಕದಾಗ ಇದು 12.5 ಪರ್ಸೆಂಟ್‌ಗೆ ಸಮ. 2024ರ ಅಕ್ಟೋಬರ್‌ದಿಂದ ಎಲ್ಲಾ ರಿಟೇಲ್ ಸಾಲಕ್ಕೂ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅನ್ನೋ ಹಾಳಿ ಕೊಡಬೇಕಂತ ಆರ್‌ಬಿಐ ನಿಯಮ ಮಾಡೈತಿ, ಅದರಾಗ ಎಪಿಆರ್ ಅಂತ ಒಂದು ಅಂಕಿ ಇರತೈತಿ, ಪ್ರೋಸೆಸಿಂಗ್ ಫೀ ಎಲ್ಲಾ ಸೇರಿಸಿ ವರ್ಷಕ್ಕ ನಿಮಗ ಬೀಳೋ ಖರ್ಚು ಅದು. ಎರಡು ಬ್ಯಾಂಕಿನ ಹಾಳಿ ಪಕ್ಕಪಕ್ಕ ಇಟ್ಟು ಆ ಅಂಕಿ ಒಂದನ್ನ ಹೋಲಿಸ್ರಿ, ಬಾಯಿಮಾತಿನ ರೇಟ್ ಬ್ಯಾಡ. ಅವಧಿ ಮೊದಲ ತೀರಿಸಿದ್ರ ಚಾರ್ಜ್ ಎಷ್ಟು ಅಂತನೂ ಅದರಾಗ ನೋಡ್ರಿ, ನಿಮ್ಮ ಕೈಯಾಗ ಬೋನಸ್ ಬಂದಾಗ ಬೇಕಾಗತೈತಿ. ಸಾಲದ ಜೋಡಿ ಒಂದು ವಿಮೆ ಪಾಲಿಸಿ ಸೇರಿಸಿ ಅದರ ರೊಕ್ಕನೂ ಸಾಲದಾಗನ ಹಾಕಿರತಾರ, ಬ್ಯಾಡಾಗಿದ್ರ ತಗಿಸ್ರಿ, ಸಹಿ ಮಾಡೂ ಮೊದಲ.

ಎಫ್‌ಡಿ ಮುರಿಯೂ ಮೊದಲ ಅದು ಎಂದ ಮುಗೀತೈತಿ ನೋಡ್ರಿ. ಎರಡು ಮೂರು ತಿಂಗಳಾಗ ಮುಗಿಯೋದಿದ್ರ ಮುರಿದು ದಂಡ ಕಟ್ಟೂದಕ್ಕಿಂತ ಅದರ ಮ್ಯಾಲ ಓಡಿ, ಅಂದ್ರ ಓವರ್‌ಡ್ರಾಫ್ಟ್ ಸಾಲ ತಗೊಳ್ರಿ, ಎಫ್‌ಡಿ ಬಡ್ಡಿಗಿಂತ ಒಂದೆರಡು ಪರ್ಸೆಂಟ್ ಜಾಸ್ತಿ ಇರತೈತಿ ಅಷ್ಟ, ಎಫ್‌ಡಿ ಮುಗಿದ ದಿನ ಅದನ್ನ ತೀರಿಸಿಬಿಡ್ರಿ. ಇನ್ನೂ ಎರಡು ವರ್ಷ ಐತಿ ಅಂದ್ರ ಮುರೀರಿ, ಆರೂವರಿಗೆ ಇಟ್ಟು 9ಕ್ಕ ಸಾಲ ತಗೊಳ್ಳೂದ್ರಾಗ ಅರ್ಥ ಇಲ್ಲ. ಉಳಿದ 2 ಲಕ್ಷ ನಿಮ್ಮ ಮನಿಯ ಆರು ತಿಂಗಳಾ ಖರ್ಚು, ಕೆಲಸ ಹೋದ್ರ, ದವಾಖಾನಿ ಬಂದ್ರ ಅದ ಆಸರ. ಅದನ್ನೂ ಕಾರಿಗೆ ಹಾಕಿದ್ರಿ ಅಂದ್ರ ಮೊದಲನೇ ಅಡಚಣಿಗೆ ಮತ್ತ ಮಾಮಾನ ಬಾಗಿಲಿಗೇ ಹೋಗಬೇಕಾಗತೈತಿ.

ಇಷ್ಟು ಹೇಳಿದ ಮ್ಯಾಲೂ ಮಾಮಾ ಕೇಳೂದ ಇಲ್ಲ, ತಗೊಳ್ಳಲಿಲ್ಲ ಅಂದ್ರ ಸಿಟ್ಟಾಗ್ತಾರ ಅಂದ್ರ, 4 ಲಕ್ಷ ಬ್ಯಾಡ, ಒಂದು ಲಕ್ಷ ತಗೊಳ್ರಿ, ಬ್ಯಾಂಕ್ ಲೋನ್ ಅಷ್ಟು ಕಮ್ಮಿ ಮಾಡ್ರಿ. ಆದ್ರ ಪದ್ಧತಿ ಪ್ರಕಾರ. ಅವರ ಖಾತೆದಿಂದ ನಿಮ್ಮ ಖಾತೆಗೆ ಬರಲಿ. ಒಂದು ಹಾಳಿ ಮ್ಯಾಲ ತಾರೀಖು, ಮೊತ್ತ, ಬಡ್ಡಿ ಎಷ್ಟು, ಯಾವಾಗ ಯಾವಾಗ ವಾಪಸ್ ಅಂತ ಬರದು ಇಬ್ಬರೂ ಸಹಿ ಮಾಡ್ರಿ, ಅತ್ತಿ ಮತ್ತ ಮಾಮಾನ ಮಗನ ಮುಂದನ. ಮುಂಡರಗಿದು ಕೆಟ್ಟದ್ದು ಮಕ್ಕಳಿಗೆ ಗೊತ್ತಿಲ್ಲದ್ದಕ್ಕ. ಬಡ್ಡಿ ಎಫ್‌ಡಿದಷ್ಟು ಕೊಡ್ರಿ, ಬ್ಯಾಡ ಅಂದ್ರೂ ಖಾತೆಗೆ ಹಾಕ್ರಿ. ವಾಪಸ್ಸಿನ ದಿನ ನಿಮ್ಮ ಅನುಕೂಲಕ್ಕಲ್ಲ, ಅವರ ಹೊಲದ ಅನುಕೂಲಕ್ಕ ಇರಲಿ, ಪ್ರತಿ ವರ್ಷ ಮೇ ತಿಂಗಳಾಗ ಬಿತ್ತಿಗಿ ಮೊದಲ ಒಂದು ಪಾಲು, ಕಾಯಿ ಬಿಡಿಸೋ ಮೊದಲ ಡಿಸೆಂಬರ್‌ದಾಗ ಒಂದು ಪಾಲು. ಅವರ ಸಲುವಾಗಿ ನೀವು ಏನು ಖರ್ಚು ಮಾಡಿದ್ರೂ, ದವಾಖಾನಿ ಇರಲಿ ಗೊಬ್ಬರ ಇರಲಿ, ಅದನ್ನ ಸಾಲದಾಗ ಹಿಡಿಯಬ್ಯಾಡ್ರಿ. ಸಾಲ ಬ್ಯಾರೆ, ಪ್ರೀತಿ ಬ್ಯಾರೆ ಇರಲಿ. ವರ್ಷಕ್ಕೊಮ್ಮೆ ಅದ ಹಾಳಿ ಮ್ಯಾಲ ಬಾಕಿ ಇಷ್ಟು ಅಂತ ಬರದು ಮತ್ತ ಸಹಿ ಹಾಕ್ರಿ, ಇದು ಮಾಮಾನ ಸಲುವಾಗಿ, ಯಾಕಂದ್ರ ಕೈಸಾಲದ ದಾವೆ ಹಾಕಾಕ ಕಾನೂನಿನ್ಯಾಗ ಸಾಮಾನ್ಯವಾಗಿ 3 ವರ್ಷ ಅಷ್ಟ ಮುದ್ದತು, ಆ ಮುದ್ದತು ಮುಗಿಯೂ ಮೊದಲ ನೀವು ಬರದು ಒಪ್ಪಿಕೊಂಡ್ರ ಅದು ಮತ್ತ ಹೊಸದಾಗಿ ಚಾಲೂ ಆಗತೈತಿ. ಕೋರ್ಟಿಗೆ ಯಾರೂ ಹೋಗೂದಿಲ್ಲ ಖರೆ, ಆದ್ರ ಅವರ ಕೈಯಾಗ ಆ ಕಾಗದ ಇದ್ರ ಅತ್ತಿಗೆ ರಾತ್ರಿ ನಿದ್ದಿ ಬರತೈತಿ.

ಮಾಮಾ ಸಾಲ ಅಲ್ಲ, ಉಡುಗೊರಿ ಅಂತ ಕೊಟ್ರ ಅದಕ್ಕ ಟ್ಯಾಕ್ಸ್ ಇಲ್ಲ, ತಾಯಿ ಅಣ್ಣತಮ್ಮ ಕಾಯ್ದೆ ಪ್ರಕಾರ ಸಂಬಂಧಿಕರ ಪಟ್ಟಿದಾಗ ಬರ್ತಾರ. ಆದ್ರ ಬಾಯಾಗ ಉಡುಗೊರಿ ಮನಸಿನ್ಯಾಗ ಸಾಲ ಅಂತ ಇರಬಾರದು, ಯಾವುದು ಅಂತ ಮೊದಲ ಬಾಯಿಬಿಟ್ಟು ಕೇಳ್ರಿ, ಕೇಳೂದ್ರಾಗ ಅವಮಾನ ಏನಿಲ್ಲ.

ಒಲ್ಲೆ ಅನ್ನೂದನ್ನ ಫೋನಿನ್ಯಾಗ ಹೇಳಬ್ಯಾಡ್ರಿ. ಅವ್ವನ್ನ ಕರ್ಕೊಂಡು ಒಂದು ಐತವಾರ ಬ್ಯಾಡಗಿಗೆ ಹೋಗ್ರಿ, ಲೆಕ್ಕದ ಹಾಳಿ ತೋರಸ್ರಿ, 535 ರೂಪಾಯಿದ್ದು ಮತ್ತ ಒಂದೂವರಿ ಲಕ್ಷದ್ದು. "ಮಾಮಾ, ಕಾರು ಕಂತಿನ್ಯಾಗ ಬರತೈತಿ, ನಿಮ್ಮ ರೊಕ್ಕ ಎಫ್‌ಡಿ ಇಡ್ರಿ, ನನಗ ದೊಡ್ಡ ಅಡಚಣಿ ಬಂದ್ರ ಮೊದಲ ನಿಮ್ಮ ಹತ್ರನ ಬರ್ತೀನಿ" ಅನ್ರಿ. ಇದು ಬರೇ ಸಮಾಧಾನದ ಮಾತಲ್ಲ, ನಿಮ್ಮ ಆಸರದ ರೊಕ್ಕ ಈಗ 2 ಲಕ್ಷ ಅಷ್ಟ ಇರತೈತಿ, ಮಾಮಾನ ಕೈಯಾಗ 4 ಲಕ್ಷ ಉಳದಿದ್ರ ಅವರಿಗೂ ಬಲ, ಖರೇನ ಕಷ್ಟ ಬಂದ್ರ ನಿಮಗೂ ಬಲ. ಇದನ್ನ ಕಾರು ಬುಕ್ ಮಾಡೂ ಮೊದಲ ಮಾಡ್ರಿ, ಬುಕ್ ಆದ ಮ್ಯಾಲೆ ಬ್ಯಾರೆಯವರ ಬಾಯಿಂದ ಗೊತ್ತಾದ್ರ ನನ್ನ ರೊಕ್ಕ ಇವನಿಗೆ ಬ್ಯಾಡಾತು ಅಂತ ನೊಂದ್ಕೊಳ್ತಾರ. ಗಾಡಿ ರಿಜಿಸ್ಟರ್ ಆದ ಮ್ಯಾಲೆ ಆರ್‌ಸಿದಾಗ ಬ್ಯಾಂಕಿನ ಹೆಸರು ಹೈಪೋಥಿಕೇಶನ್, ಅಂದ್ರ ಗಾಡಿ ಸಾಲಕ್ಕ ಅಡವು ಐತಿ ಅಂತ ಬಂದಿರತೈತಿ, ಹೆದರಬ್ಯಾಡ್ರಿ, ಸಾಲ ಮುಗಿದ ಮ್ಯಾಲೆ ಬ್ಯಾಂಕಿನಿಂದ ಎನ್‌ಒಸಿ ಮತ್ತ ಫಾರ್ಮ್ 35 ತಗೊಂಡು ಆರ್‌ಟಿಓದಾಗ ಅದನ್ನ ತಗಿಸಬೇಕು, ಇನ್ಶೂರೆನ್ಸ್ ಪಾಲಿಸಿದಾಗಿಂದೂ ತಗಿಸ್ರಿ. ಕೊನೇ ಕಂತು ಕಟ್ಟಿ ಸುಮ್ಮನ ಕೂತವರು ಗಾಡಿ ಮಾರಾಕ ಹೋದಾಗ ಓಡಾಡ್ತಾರ.